ಸ್ಟಾಪಿಗೊಂದು ಸಾಲು

ಆರ್‌ಟಿಓ ಸಾಹೇಬರಿಗೆ ಹೆದರದ, ಘಾಟಿನ ತಿರುವಿಗೆ ಹೆದರದ, ನಮ್ಮ ಹೆಡ್‌ಮಿಸ್ಟ್ರೆಸ್ಸಿಗೂ ಹೆದರದ ಒಬ್ಬ ಮನುಷ್ಯ ಒಂದೇ ಒಂದು ಒಳ್ಳೆಯ ಮಾತಿಗೆ ಹೆದರಿ ಓಡಿಹೋಗುತ್ತಿದ್ದ ಎಂದರೆ ನೀವು ನಂಬುವಿರಾ? ನಂಬಬೇಕು. ನಾನು ಅವರ ಬಸ್ಸಿನಲ್ಲಿ ಕೂತು ಬಂದವಳು!

ನಾಸಿಕ ರೋಡಿನ ನಮ್ಮ ಶಾಲೆಯಿಂದ ದೇವಳಾಲಿ ಕ್ಯಾಂಪಿಗೆ ಹೋಗುವ ಬಸ್ಸಿನ ಡ್ರೈವರ್ ಅವರು. ಮಕ್ಕಳಿಗೆಲ್ಲ ‘ಕಾಕಾ’. ಇಂಡಿ ಕಡೆಯವರು, ಕಟ್ಟಡದ ಕೆಲಸಕ್ಕೆ ಬಂದ ತಂದೆತಾಯಿಯ ಹಿಂದೆ ಚಡ್ಡಿ ಹಾಕಿಕೊಂಡು ಬಂದು, ಇಲ್ಲಿಯೇ ಮೀಸೆ ನೆರೆಸಿಕೊಂಡವರು. ನಾನು ಧಾರವಾಡದವಳು, ಅದೇ ಶಾಲೆಯ ಟೀಚರ್. ನನ್ನ ಗಂಡನನ್ನು ಬ್ಯಾಂಕಿನವರು ಸಂಭಾಜಿನಗರಕ್ಕೆ ವರ್ಗ ಮಾಡಿದ್ದರಿಂದ ನಾನೊಬ್ಬಳೇ ಕ್ಯಾಂಪಿನಲ್ಲಿ ಮನೆ ಹಿಡಿದಿದ್ದೆ. ನನ್ನ ಮನೆ ಕೊನೆಯ ಸ್ಟಾಪಿನಲ್ಲಿತ್ತಲ್ಲ, ಬಸ್ ಡ್ಯೂಟಿ ತಾನಾಗಿಯೇ ಕೊರಳಿಗೆ ಬಿತ್ತು. ಗೊತ್ತಿಲ್ಲದ ಊರಿನಲ್ಲಿ ಮೊದಲ ದಿನವೇ ಹಿಂಬದಿಯ ಕನ್ನಡಿಯಲ್ಲಿ ನನ್ನನ್ನು ನೋಡಿ “ಊಟ ಆತೇನ್ರಿ ಅಕ್ಕಾರ?” ಎಂದು ಕೇಳಿದವರು ಕಾಕಾ. ಆವತ್ತು ನನ್ನ ಊಟ ಆಗಿರಲಿಲ್ಲ. ಆ ಮಾತು ಕೇಳಿಯೇ ಹೊಟ್ಟೆ ತುಂಬಿತು.

ಕಾಕಾ ಮಕ್ಕಳ ಜೊತೆ ಮರಾಠಿ, ಟ್ರಾಫಿಕ್ ಪೊಲೀಸರ ಜೊತೆ ಹಿಂದಿ, ನನ್ನನ್ನು ಬಿಟ್ಟರೆ ಬಸ್ಸಿನ ಜೊತೆ ಮಾತ್ರ ಕನ್ನಡ ಮಾತಾಡುತ್ತಿದ್ದರು. “ನಡೀಯವ್ವಾ, ಏರು ಐತಿ, ಸಾವಕಾಶ” ಎನ್ನುವರು. ಏರು ಮುಗಿದರೆ “ಶಾಣ್ಯಾಕಿ!” ಎಂದು ಸ್ಟೇರಿಂಗ್ ಸವರುವರು. ಹೀಗಾಗಿ ಈ ಬಸ್ಸಿಗೆ ಬೇರೆ ಭಾಷೆ ಬರುವುದೇ ಇಲ್ಲ ಎಂದು ಮಕ್ಕಳು ತೀರ್ಮಾನಿಸಿದ್ದರು. ಒಮ್ಮೆ ಕಾಕಾ ಜ್ವರ ಬಂದು ಮಲಗಿದಾಗ ಬದಲಿ ಡ್ರೈವರ್ ಬಂದ. ಬೆಳಗಿನ ಚಳಿಗೆ ಬಸ್ಸು ಗೊರಗೊರ ಎಂದಿತೇ ಹೊರತು ಶುರುವಾಗಲಿಲ್ಲ. “ಭಾವೂ, ಕನ್ನಡಾತ್ ಬೋಲಾ ನಾ!” ಎಂದು ಮಕ್ಕಳು ಅವನಿಗೆ ಬುದ್ಧಿ ಹೇಳಿದರು. ಅವನು ತಲೆ ಕೆರೆದುಕೊಂಡ. ಆಗ ಇಡೀ ಬಸ್ಸು ಒಕ್ಕೊರಲಿನಿಂದ “ನಡೀಯವ್ವಾ!” ಎಂದು ಕೂಗಿತು. ಬಸ್ಸು ಶುರುವಾಯಿತು! ಆ ಬಡಪಾಯಿ ಸಂಜೆ ನನ್ನ ಹತ್ತಿರ ಬಂದು, “ಮೇಡಂ, ರಿವರ್ಸ್ ಗೇರಿಗೆ ಏನಂತ ಹೇಳಬೇಕು?” ಎಂದು ಕೇಳಿಕೊಂಡು ಹೋದ.

ಇನ್ನು ವೇಗದ ವಿಷಯ ಕೇಳಲೇಬೇಡಿ. ಉಳ್ಳಾಗಡ್ಡಿ ತುಂಬಿದ ಟ್ರ್ಯಾಕ್ಟರುಗಳು ನಮ್ಮನ್ನು ದಾಟಿ ಹೋಗುತ್ತಿದ್ದವು. ಒಬ್ಬ ಟ್ರ್ಯಾಕ್ಟರಿನವನು ನಿಲ್ಲಿಸಿ, ಬಸ್ಸು ಕೆಟ್ಟಿದೆ ಎಂದುಕೊಂಡು, ಎಳೆದೊಯ್ಯಲು ಹಗ್ಗ ಬೇಕೇ ಎಂದು ಕೇಳಿದ್ದ. ಕಾಕಾ ಸಿಟ್ಟಾಗಲಿಲ್ಲ. “ನಿನ್ನ ಉಳ್ಳಾಗಡ್ಡಿ ಕೆಳಗ ಬಿದ್ರ ಆರಿಸಿ ಹಾಕ್ಕೋತಿ. ನಾ ಏನ್ ಮಾಡ್ಲಿ?” ಎಂದು ನನ್ನ ಕಡೆ ನೋಡಿ ಕನ್ನಡದಲ್ಲಿ ಹೇಳಿ, ಅವನಿಗೆ ಮರಾಠಿಯಲ್ಲಿ ರಾಮರಾಮ ಹಾಕಿದರು.

ಇಂಥವರನ್ನು ಸನ್ಮಾನಿಸಬೇಕೆಂದು ಶಾಲೆಗೆ ಒಮ್ಮೆ ಮನಸ್ಸಾಯಿತು. ಶಾಲು, ತೆಂಗಿನಕಾಯಿ, ಮೈಕು ಎಲ್ಲ ತಯಾರು. ಹೆಸರು ಕರೆದರು, ಕಾಕಾ ಮಾಯ! ಹುಡುಕಿದರೆ ಬಸ್ಸಿನ ಕೆಳಗಿನಿಂದ ಎರಡು ಚಪ್ಪಲಿ ಕಂಡವು. “ಕಾಮ್ ಚಾಲೂ ಹೈ ಮ್ಯಾಡಮ್!” ಎಂಬ ದನಿಯೊಡನೆ ಒಳಗಿನಿಂದ ಸ್ಪ್ಯಾನರಿನ ಸದ್ದು ಕೇಳಿಸಿತು. ನಮ್ಮ ಹೆಡ್‌ಮಿಸ್ಟ್ರೆಸ್ ಹಟವಾದಿ. ರೇಷ್ಮೆ ಸೀರೆಯಲ್ಲೇ ಕುಕ್ಕರುಗಾಲಲ್ಲಿ ಕೂತು ಶಾಲನ್ನೂ ತೆಂಗಿನಕಾಯಿಯನ್ನೂ ಬಸ್ಸಿನ ಕೆಳಗೆ ತಳ್ಳಿದರು. ಸನ್ಮಾನ ಸ್ವೀಕಾರವಾಯಿತು ಎನ್ನುವುದಕ್ಕೆ ಒಂದು ಗ್ರೀಸು ಮೆತ್ತಿದ ಕೈ ಹೊರಬಂದು ನಮಸ್ಕಾರ ಮಾಡಿತು. ಒಂದೇ ಕೈಯಲ್ಲಿ!

ಇಂಥ ಕಾಕಾ ಈ ವರ್ಷ ಪರೀಕ್ಷೆಯ ಹೊತ್ತಿಗೆ ನನ್ನೊಬ್ಬಳ ಕಿವಿಯಲ್ಲಿ ಹೇಳಿದರು: “ಅಕ್ಕಾರ, ಬರೋ ಶನಿವಾರ ನಂದು ಕಡೀ ದಿನ. ವಯಸ್ಸಾತು, ಸಾಲಿಯವ್ರು ಸಾಕು ಅಂದ್ರು. ಗಂಗಾಪುರದಾಗ ಮಗಳ ಮನಿಗೆ ಹೋಗ್ತೀನಿ. ಯಾರಿಗೂ ಹೇಳಬ್ಯಾಡ್ರಿ. ಹಾರ ತುರಾಯಿ ಅಂತ ಏನರ ಸುದ್ದಿ ಕಿವಿಗೆ ಬಿತ್ತು ಅಂದ್ರ ಶುಕ್ರವಾರನ ಕೀಲಿ ಆಫೀಸಿನಾಗ ಇಟ್ಟು ಹೋಗಿಬಿಡ್ತೀನಿ, ನೋಡ್ರಿ!”

ನನ್ನ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ ಎಂಬುದು ಧಾರವಾಡಕ್ಕೆಲ್ಲ ಗೊತ್ತು. ಇಂಡಿಯವರಿಗೆ ಗೊತ್ತಿರಲಿಲ್ಲ, ಪಾಪ. ಮರುದಿನವೇ ಮಕ್ಕಳಿಗೆ ಗೊತ್ತಾಯಿತು. ನೀರಿನ ಟಾಕಿ ಸ್ಟಾಪಿನ ಜುಟ್ಟಿನ ಹುಡುಗಿ, “ಹಾರ ಬೇಡ, ಕವಿತೆ ಕೊಡೋಣ” ಎಂದಳು. ಕವಿತೆಯನ್ನು ಬಸ್ಸಿನ ಕೆಳಗೆ ತಳ್ಳುವುದು ಕಷ್ಟ, ನಿಜ. ಆದರೆ ಅದನ್ನು ಕೇಳಿಸುವುದು ಹೇಗೆ? ಹೊಗಳಿಕೆಯ ಮೊದಲ ಶಬ್ದಕ್ಕೇ ಕಾಕಾ ಎದ್ದು ಹೋಗುತ್ತಾರಲ್ಲ!

“ಮಕ್ಕಳು ಒಳಗಿದ್ದಾಗ ಕಾಕಾ ಸೀಟು ಬಿಟ್ಟು ಏಳೋದಿಲ್ಲ ಟೀಚರ್” ಎಂದಳು ಅವಳೇ. ಹೌದಲ್ಲ! ಆದರೆ ಬಸ್ಸು ಓಡುವಾಗ ಡ್ರೈವರ್ ಜೊತೆ ಯಾರೂ ಮಾತಾಡಬಾರದು ಎಂಬುದೂ ಅವರದೇ ಕಾನೂನು. ಹಾಗಾದರೆ ಉಳಿದದ್ದು ಸ್ಟಾಪುಗಳು. ಹ್ಯಾಂಡ್‌ಬ್ರೇಕ್ ಎಳೆದ ಮೇಲೆ, ಬಾಗಿಲಿನ ಕಂಬಿ ಹಿಡಿದು, ಇಳಿಯುವ ಮುನ್ನ ಒಂದು ಸಾಲು. ಸ್ಟಾಪಿಗೊಂದು ಸಾಲು, ಎರಡು ಸ್ಟಾಪಿಗೆ ಒಂದು ಪ್ರಾಸ.

ಕವಿತೆ ಬರೆಯುವ ಭಾರವನ್ನು ನಾನು ಉದಾರವಾಗಿ ಹೊತ್ತುಕೊಂಡೆ. ಕಾಲೇಜಿನಲ್ಲಿ ಬಹುಮಾನ ಪಡೆದವಳಲ್ಲವೇ! ‘ಓ ಬಾಳಪಥದ ಮಹಾಸಾರಥಿಯೇ, ಜ್ಞಾನರಥದ ಧ್ರುವತಾರೆಯೇ’ ಎಂದು ಬರೆದು, ಮರಾಠಿಯಲ್ಲಿ ಅರ್ಥ ಹೇಳಿ, ಊಟದ ಬಿಡುವಿನಲ್ಲಿ ರಾಗವಾಗಿ ಓದಿದೆ. ಮಕ್ಕಳು ಗೌರವದಿಂದ ಕೇಳಿದರು. ಕೊನೆಗೆ ಒಬ್ಬ, “ಟೀಚರ್, ಹೇ ಕೋಣ್ ಆಹೇತ್?” ಎಂದ. ಇವರು ಯಾರು, ಅಂತ! ನನ್ನ ಕಾವ್ಯಜೀವನ ಅಲ್ಲಿಗೆ ಮುಗಿಯಿತು.

ಆಮೇಲೆ ಮಕ್ಕಳು ಕೆಲಸ ಮಾಡಿದ ರೀತಿ ನೋಡಬೇಕಿತ್ತು. ಮೊದಲು ಕಾಕಾ ದಿನಾ ಏನು ಹೇಳುತ್ತಾರೆ, ಏನು ಮಾಡುತ್ತಾರೆ ಅಷ್ಟನ್ನೇ ಒಬ್ಬೊಬ್ಬರೂ ನೆನೆಸಿ ಹೇಳಿದರು. ‘ದೇವರಂಥವರು’, ‘ತುಂಬಾ ಒಳ್ಳೆಯವರು’ ಎಂಬುದನ್ನೆಲ್ಲ ಜುಟ್ಟಿನ ಹುಡುಗಿ ತೆಗೆದುಹಾಕಿದಳು. “ಹಾಗೆ ಯಾರಿಗಾದರೂ ಹೇಳಬಹುದು” ಎಂಬುದು ಅವಳ ವಾದ. ಭಾಷೆ ಕನ್ನಡವೇ ಆಗಬೇಕೆಂದು ಎಲ್ಲರೂ ಹಟ ಹಿಡಿದರು, ಬಸ್ಸಿಗೂ ತಿಳಿಯಬೇಕಲ್ಲ! ಅವರು ಹೇಳಿದ್ದನ್ನು ನಾನು ಕಾಕಾನ ಕನ್ನಡಕ್ಕೆ ತಿರುಗಿಸಿದೆ. ಮಕ್ಕಳು ಬೆಂಚು ತಟ್ಟಿ ನೋಡಿದರು. ತಾಳ ತಪ್ಪಿದ ಶಬ್ದ ಹೊರಗೆ. ಉಸಿರು ಸಾಲದ ಸಾಲು ಅರ್ಧಕ್ಕೆ ಕತ್ತರಿ. ಮೊದಲ ಪ್ರಾಸಕ್ಕೆ ನಾನು ‘ಬಸ್ಸಿಗೆ ಬಂತು ವೇಗ’ ಎಂದು ಕೊಟ್ಟೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಪ್ರಾಸ ಕೂಡಿತೆಂದು ಸುಳ್ಳು ಹೇಳಲಾದೀತೇ? ವೇಗ ಹೋಗಿ ‘ಆಗ’ ಬಂತು.

ಒಂದು ತಪ್ಪು ಮಾತ್ರ ಗುರುವಾರ ಸಿಕ್ಕಿತು. ಸಾಲುಗಳನ್ನು ಹಂಚಿದ್ದು ಬೆಳಗ್ಗೆ ಹತ್ತುವ ಲೆಕ್ಕದಲ್ಲಿ. ಹೇಳಬೇಕಾದದ್ದು ಮಧ್ಯಾಹ್ನ ಇಳಿಯುವಾಗ! ಹಾಗೆಯೇ ಬಿಟ್ಟಿದ್ದರೆ ಕವಿತೆ ಬಾಲದಿಂದ ಶುರುವಾಗಿ ತಲೆಗೆ ಮುಗಿಯುತ್ತಿತ್ತು. ಮತ್ತೆ ಎಲ್ಲವನ್ನೂ ತಿರುವಿ ಹಂಚಿ, ಎಲ್ಲರೂ ಹೊಸ ಸಾಲು ಬಾಯಿಪಾಠ ಮಾಡಿದರು. ಕಡೆಯ ಸಾಲು ಕ್ಯಾಂಪಿನಲ್ಲಿ ಇಳಿಯುವ ಒಬ್ಬಳೇ ಹುಡುಗಿಗೆ, ನನ್ನ ನೆರೆಮನೆಯ ಸುಬೇದಾರರ ಮಗಳಿಗೆ ಬಂತು.

ಶನಿವಾರ ಬಂತು. ಹಿಟ್ಟಿನ ಗಿರಣಿ ಸ್ಟಾಪಿನಲ್ಲಿ ಕಾಕಾ ಹ್ಯಾಂಡ್‌ಬ್ರೇಕ್ ಎಳೆದರು. ಮಕ್ಕಳು ಕಂಬಿ ಹಿಡಿದು ಒಟ್ಟಿಗೆ ಹೇಳಿದರು:

“ಕೈ ಒಳಗ, ತಲಿ ಒಳಗ, ಚೀಲ ತೊಡಿ ಮ್ಯಾಗ!”

ಕಾಕಾ ನಕ್ಕರು. ತಮ್ಮದೇ ಬೈಗುಳವಲ್ಲವೇ! ದತ್ತನ ಗುಡಿಯ ಹತ್ತಿರ:

“ನೀವು ಹಿಂಗ ಅಂದ ಮ್ಯಾಲೇ ಬಸ್ಸು ಹೊಂಟಿತ್ರಿ ಆಗ!”

ಕಾಕಾ ನಗು ನಿಲ್ಲಿಸಿ ಕನ್ನಡಿಯಲ್ಲಿ ನನ್ನನ್ನು ನೋಡಿದರು. “ಅಕ್ಕಾರ, ಏನಿದು?” ನಾನು ಕಿಟಕಿಯ ಹೊರಗೆ ದ್ರಾಕ್ಷಿಯ ಗಾಡಿ ನೋಡತೊಡಗಿದೆ. ಅವರ ಕೈ ಬಾಗಿಲಿನ ಹಿಡಿಕೆಗೆ ಹೋಯಿತು. ಒಳಗೆ ಇನ್ನೂ ಮಕ್ಕಳಿದ್ದರು. ಕೈ ಹಿಂದಕ್ಕೆ ಬಂತು. ನೀರಿನ ಟಾಕಿ:

“ಮಳಿಯಾಗ ತೊಯ್ದು ಬಂದಾಗೆಲ್ಲ ನಿಮ್ಮ ಟಾವೆಲ್ ಕೊಟ್ರಿ!”

ಶಾಲೆಯ ಕಾಂಪೌಂಡಿನಂಥ ಉದ್ದ ಗೋಡೆಯ ತಿರುವಿನಲ್ಲಿ, ಮುಂದಿನ ಸ್ಟಾಪು:

“ವಾಂತಿ ಮಾಡಿದ್ರೂ ಬೈಲಿಲ್ರಿ, ಕಿಡಕಿ ಬಾಜು ಬಿಟ್ರಿ!”

ಕಾಕಾ ಈಗ ಯಾರನ್ನೂ ನೋಡುತ್ತಿರಲಿಲ್ಲ. ಮೂಗು ಮಾತ್ರ ಒಂದೆರಡು ಸಲ ಸದ್ದು ಮಾಡಿತು. ಬೇವಿನ ಮರದ ಸ್ಟಾಪಿನ ಪುಟಾಣಿಗಳು ಹೇಳಿ ಇಳಿದವು:

“ನಾವು ಗೇಟಿನ ಒಳಗ ಹೋಗೋತನ ಬ್ರೇಕ್ ಬಿಡಲೇ ಇಲ್ಲ!”

ಹೇಳಿದಂತೆಯೇ ಕಾಕಾ ಅವು ಒಂದೊಂದೂ ಗೇಟು ದಾಟುವವರೆಗೆ ಕಾದರು. ಆಮೇಲೆ ಬಸ್ಸು ಹೊರಟಿತು. ಒಳಗೆ ಅವರು, ನಾನು, ಖಾಲಿ ಸೀಟುಗಳು. ಯಾಕೆಂದರೆ ಸುಬೇದಾರರ ಮಗಳು ಆವತ್ತು ಶಾಲೆಗೇ ಬಂದಿರಲಿಲ್ಲ. ಹಿಂದಿನ ದಿನದಿಂದ ಜ್ವರ. ಕವಿತೆಗೆ ಕೊನೆಯೇ ಇರಲಿಲ್ಲ.

ಕ್ಯಾಂಪಿನ ಸ್ಟಾಪಿನಲ್ಲಿ ಕಾಕಾ ಹ್ಯಾಂಡ್‌ಬ್ರೇಕ್ ಎಳೆದು, ಮುಂದೆ ನೋಡುತ್ತಲೇ ಕೇಳಿದರು: “‘ಬಿಡಲೇ ಇಲ್ಲ’ ಅಂತ ನಿಲ್ಸಿದ್ರಲ್ರಿ. ಮುಂದಿಂದು?”

“ಆ ಹುಡುಗಿಗೆ ಜ್ವರ ಕಾಕಾ. ಕಡೀ ಸಾಲು ಆಕೀದೇ ಇತ್ತು” ಎಂದೆ. ‘ಹಿಂದ ಎಷ್ಟೇ ಹಾರ್ನ್ ಹೊಡದ್ರೂ ನೀವು ಹೆದರ್ಲಿಲ್ಲ’ ಎಂಬ ಸಾಲು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದು ಮಕ್ಕಳದು. ನಾನು ಹೇಳಲಿಲ್ಲ.

ಕಾಕಾ ಬೆರಳಿನಿಂದ ಸ್ಟೇರಿಂಗ್ ಮೇಲೆ ತಾಳ ತಟ್ಟಿ ನೋಡಿದರು. ಆಮೇಲೆ ಮೆಲ್ಲಗೆ, ಬಸ್ಸಿಗೆ ಹೇಳುವ ದನಿಯಲ್ಲಿ ಹೇಳಿದರು:

“ಎಲ್ಲಾರೂ ಮನಿ ಮುಟ್ಟಿದ್ರೀಗ, ನನಗ ರೂಟೇ ಇಲ್ಲ.”

ತಾಳ ಸರಿಯಾಗಿತ್ತು. ಪ್ರಾಸವೂ ಕೂಡಿತ್ತು. ನನಗೆ ಅಳು ಬಂತು. ಗಂಡ ದೂರದಲ್ಲಿದ್ದ, ನೆಂಟರಿಲ್ಲದ ಈ ಊರಿನಲ್ಲಿ ದಿನಾ ನನ್ನನ್ನು ಮನೆಗೆ ಮುಟ್ಟಿಸಿದ ಮನುಷ್ಯನಿಗೆ ನಾನು ಒಂದು ದಿನವೂ ಒಂದು ಒಳ್ಳೆಯ ಮಾತು ಹೇಳಿರಲಿಲ್ಲ, ಹೇಳಿದರೆ ಎಲ್ಲಿ ಓಡಿಹೋಗುತ್ತಾರೋ ಎಂದು.

“ಇಳೀರಿ ಅಕ್ಕಾರ, ಹೊತ್ತಾತು” ಎಂದರು.

ಇಳಿದೆ. ಗೇಟಿನವರೆಗೆ ಹೋದೆ, ಅಲ್ಲಿಯೇ ನಿಂತೆ. ಬಸ್ಸು ಕದಲಲಿಲ್ಲ. ಹಿಂದೆ ಮಿಲಿಟರಿ ಟ್ರಕ್ಕಿನವನು ಹಾರ್ನ್ ಹೊಡೆಯತೊಡಗಿದ. ಕಾಕಾ ಕಿಟಕಿಯಿಂದ ತಲೆ ಹೊರಹಾಕಿದರು.

“ಒಳಗ ಹೋಗ್ರಿ ಅಕ್ಕಾರ! ನೀವು ಒಳಗ ಹೋಗದ ನಾ ಹೆಂಗ ಹೋಗ್ಲಿ?”

“ಅದಕ್ಕ ಹೋಗವಲ್ಲೆ, ಕಾಕಾ” ಎಂದೆ.