ನಮ್ಮತ್ತೆಯ ತಲೆಯ ತುಂಬ ಸಿಡಿಮದ್ದು

ನಮ್ಮತ್ತೆಯ ತಲೆಯೊಳಗೆ ಏನಿದೆ ಅಂತ ವಿಮಾನ ನಿಲ್ದಾಣದಲ್ಲಿ ಗೊತ್ತಾಗಿದ್ದರೆ ಅವರನ್ನ ಈ ದೇಶಕ್ಕೆ ಬಿಡ್ತಾನೇ ಇರಲಿಲ್ಲ! ಬ್ಯಾಗಲ್ಲಿ ಶೇಂಗಾ ಚಟ್ನಿ, ತಲೆಯಲ್ಲಿ ಸಿಡಿಮದ್ದು. ಧಾರವಾಡದಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು, ನೆದರ್ಲೆಂಡ್ಸಿನ ಐಂಡ್‌ಹೋವನ್ನಿನ ನಮ್ಮನೆಗೆ ಬಂದರು, ಹಿಂದೆಯೇ ಲಾಕ್‌ಡೌನ್ ಬಂತು. ಹೊಸ ವರ್ಷಕ್ಕೆ ಸರ್ಕಾರ ಪಟಾಕಿ ನಿಷೇಧಿಸಿತು ನಿಜ, ಆದರೆ ನಮ್ಮನೆಗೆ ಆ ನಿಯಮ ಅನ್ವಯಿಸಲೇ ಇಲ್ಲ!

ಒಂದು ದಿನ ಉಪ್ಪಿಟ್ಟಿಗೆ ರವೆ ಹುರೀತಿದ್ದೆ. ಬಂದರು.

“ಸಿಡಿಮದ್ದಂದ್ರ ನಾಕ್ರಾಗ ಮೂರು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು, ಗಂಧಕ. ಉರಿಯೂದು ಇದ್ದಿಲು. ಗಂಧಕ ಲಗೂನ ಹೊತ್ತಸ್ತೈತಿ. ಪೆಟ್ಲುಪ್ಪು ತನ್ನೊಳಗಿನ ಆಮ್ಲಜನಕ ಕೊಡ್ತೈತಿ, ಅದಕ್ಕ ಗಾಳಿ ಇಲ್ಲದ ಕೊಳವಿಯೊಳಗೂ ಉರೀತೈತಿ. ಆದ್ರ ಹಿಟ್ಟಿನಂಗ ನುಣ್ಣಗಿದ್ರ ಬೆಂಕಿ ಒಳಗ ಓಡೂದಿಲ್ಲ. ನೀರು ಹಾಕಿ ಕಲಸಿ, ಒಣಗಿಸಿ, ಈ ರವಾದಂಗ ಕಾಳು ಮಾಡಿದ್ರ, ಸಂದಿಯೊಳಗ ಓಡಿ ಒಮ್ಮೆಲೇ ಢಂ!”

“ಅತ್ತೆ, ರವೆ ಸೀದೋಯ್ತು!”

“ನೋಡು, ಇದ್ದಿಲೂ ತಯಾರಾತು!”

ನಗು ಬರ್ತಿತ್ತು, ಆದರೆ ನನ್ನ ಚಿಂತೆ ಬೇರೆ. ಬೆಂಗಳೂರಿಂದ ಆಗಷ್ಟೇ ಬಂದಿದ್ದ ಮಗಳಿಗೆ ಡಚ್ ತಡವರಿಸ್ತಿತ್ತು. ಒಮ್ಮೆ ಯಾರೋ ನಕ್ಕರು, ಅವತ್ತಿಂದ ಆನ್‌ಲೈನ್ ಕ್ಲಾಸಲ್ಲಿ ಬಾಯೇ ಬಿಡಲಿಲ್ಲ. ಈಗ ಸ್ಪ್ರೇಕ್‌ಬ್ಯೂರ್ಟ್, ಅಂದರೆ ಇಡೀ ತರಗತಿಯ ಮುಂದೆ ಭಾಷಣ! ವಿಷಯ ಯಾರು ಆರಿಸಿದರು ಅಂತ ಕೇಳಬೇಕೇ?

ಆ ದಿನ ಸ್ಕ್ರೀನ್ ಮುಂದೆ ಕೂತ ಹುಡುಗಿ ಕಲ್ಲಾಗಿಬಿಟ್ಟಳು. ಕಣ್ಣಲ್ಲಿ ನೀರು. ಅಷ್ಟರಲ್ಲಿ ಇಳಕಲ್ ಸೀರೆ ಉಟ್ಟು, ವ್ಯಾಕ್ಯೂಮ್ ಕ್ಲೀನರಿನ ಕೊಳವೆಯನ್ನ ಪೊರಕೆ ಕೋಲಿಗೆ ಕಟ್ಟಿಕೊಂಡು ಅತ್ತೆ ಕ್ಯಾಮೆರಾದೊಳಗೆ ನುಗ್ಗಿದರು!

“ಇದು ಬೆಂಕಿ ಈಟಿ! ಚೀನಾದವರು ಬಿದಿರಿನ ಕೊಳವಿಯೊಳಗ ಮದ್ದು ತುಂಬಿ ಈಟಿಗೆ ಕಟ್ಟಿದ್ರು. ಹೊತ್ತಿಸಿದ್ರ ಶತ್ರುವಿನ ಮುಖಕ್ಕ ಉರಿ! ಹೇಳವಾ, ನಿನ್ನ ಡಚ್ಚಿನ್ಯಾಗ ಹೇಳು.”

ಟೀಚರಿಗೆ ಒಂದಕ್ಷರ ಅರ್ಥವಾಗಲಿಲ್ಲ. ಅವರ ಪೆಚ್ಚು ಮುಖ ನೋಡಿ ಮಗಳು ಮೆಲ್ಲಗೆ ಅನುವಾದಿಸಿದಳು. ಅತ್ತೆ ಹೇಳ್ತಾ ಹೋದರು, ಅವಳು ಡಚ್ಚಿಗೆ ತಿರುಗಿಸ್ತಾ ಹೋದಳು: ಬಿದಿರು ಹೋಗಿ ಲೋಹದ ಕೊಳವೆ ಬಂತು, ಕೈತೋಪಾಯ್ತು. ಮಂಗೋಲರ ದಂಡು, ವ್ಯಾಪಾರಿಗಳು, ಅರಬರು, ಹೀಗೆ ಯುರೋಪು ಸೇರಿ ದೊಡ್ಡ ಫಿರಂಗಿಯಾಯ್ತು. ನಮ್ಮ ದಖ್ಖನ್ನಿಗೂ ಬಂತು. ಮೈಸೂರಿನವರು ಕಬ್ಬಿಣದ ಕೊಳವೆಯಲ್ಲಿ ರಾಕೆಟ್ ಹಾರಿಸಿ ಇಂಗ್ಲಿಷರನ್ನ ಬೆಚ್ಚಿಬೀಳಿಸಿದರು.

“ಡಚ್ಚರ ಹಡಗು ನಮ್ಮ ದೇಶದಿಂದ ಪೆಟ್ಲುಪ್ಪು ಹೊತ್ತು ತಂದ್ವು ಅಂತ ಜೋರಾಗಿ ಹೇಳು!”

ಜೋರಾಗಿಯೇ ಹೇಳಿದಳು! ನನಗೆ ಎದೆಯುಬ್ಬಿ ಬಂತು.

ಒಬ್ಬ ಪುಟ್ಟ ಹುಡುಗಿ ಕೈಯೆತ್ತಿದಳು. “ಚೀನಾದವರು ಕೊಲ್ಲೋಕೆ ಅಂತಾನೇ ಇದನ್ನ ಕಂಡುಹಿಡಿದರಾ?”

ಮಗಳು ಕನ್ನಡದಲ್ಲಿ ಅಜ್ಜಿಯನ್ನ ಕೇಳಿದಳು. ಅತ್ತೆ ಈಟಿ ಕೆಳಗಿಟ್ಟರು.

“ಇಲ್ಲವಾ. ಸಾವೇ ಬರದಂಥ ಔಷಧಿ ಹುಡುಕಾಕ ಹೋಗಿದ್ರು. ಕೈಗೆ ಸಿಕ್ಕಿದ್ದು ಇದು.”

ಮಗಳು ಅದನ್ನ ಡಚ್ಚಲ್ಲಿ ಹೇಳಿದಳು. ಆ ಹುಡುಗಿ ಮತ್ತೆ ಕೇಳಿದಳು, “ಕೊರೋನಾ ಬಂದು ನನ್ನ ಅಜ್ಜ ಆಸ್ಪತ್ರೆಯಲ್ಲಿದಾರೆ. ಔಷಧಿ ಸಿಗುತ್ತಾ?”

ಈ ಸಲ ಮಗಳು ಅಜ್ಜಿಯತ್ತ ತಿರುಗಲಿಲ್ಲ. ಕ್ಯಾಮೆರಾ ಹತ್ತಿರ ಮುಖ ತಂದು, ತಪ್ಪು ತಪ್ಪು ಡಚ್ಚಲ್ಲಿ, ನಿಧಾನವಾಗಿ ಹೇಳಿದಳು: “ಎಲ್ಲರೂ ಹುಡುಕ್ತಿದಾರೆ. ಅಲ್ಲೀವರೆಗೆ ನನ್ನ ಅಜ್ಜಿ ಜೊತೆ ಮಾತಾಡು, ಬಾ.”