ಎರಡು ಸಾಲಿನ ಸಾಹೇಬರು

ನಮ್ಮ ಬಸ್ಸಿನ ಕಂಡಕ್ಟರು ಟಿಕೆಟ್ ಯಂತ್ರಕ್ಕೆ ‘ರೀ’ ಹಚ್ಚಿ ಮಾತಾಡುತ್ತಿದ್ದರು ಎಂದರೆ ನೀವು ನಂಬುತ್ತೀರಾ? ಡ್ರೈವರ್‌ಗೆ ‘ಲೇ’, ಕುಡಿದು ಹತ್ತಿದವರಿಗೆ ‘ಬೇ’, ಯಂತ್ರಕ್ಕೆ ಮಾತ್ರ ‘ಸಾಹೇಬ್ರ, ಒಂಚೂರು ನಡೀರಿ’!

ತೊಂಬತ್ತರ ದಶಕದ ಕೊನೆಯ ಮಾತು. ನಾನು ಸಿಂಧನೂರಿನಿಂದ ಲಿಂಗಸುಗೂರಿನ ಶಾಲೆಗೆ ದಿನಾ ಓಡಾಡುವ ಟೀಚರು. ಬಸ್ಸು ಮಸ್ಕಿ, ಲಿಂಗಸುಗೂರು ದಾಟಿ ಗುರುಗುಂಟಾಕ್ಕೆ ಹೋಗುತ್ತಿತ್ತು. ಏಳು ವರ್ಷ ಕಂಡಕ್ಟರು ನನಗೆ ತಗಡಿನ ಪೆಟ್ಟಿಗೆಯಿಂದ ಬಣ್ಣದ ಟಿಕೆಟ್ ಹರಿದು ಕೊಟ್ಟಿದ್ದರು. ಯಾವ ಕಟ್ಟು ಎಲ್ಲಿದೆ ಎಂದು ಅವರ ಬೆರಳಿಗೇ ಗೊತ್ತಿತ್ತು. ಒಂದು ಸೋಮವಾರ ನೋಡಿದರೆ ಪೆಟ್ಟಿಗೆ ಮಾಯ, ಕೊರಳಲ್ಲಿ ಇಟ್ಟಿಗೆಯಂಥ ಕರಿ ಯಂತ್ರ.

ಅದರ ಪರದೆ ಎರಡು ಬೆರಳಗಲ. ಎರಡೇ ಸಾಲು. ಮೇಲಿನ ಸಾಲಿನಲ್ಲಿ ಹತ್ತಿದ ಊರು, ಇಳಿಯುವ ಊರು; ಕೆಳಗೆ ಎಷ್ಟು ಫುಲ್, ಎಷ್ಟು ಹಾಫ್, ಎಷ್ಟು ದರ. ಒಂದೊಂದು ಊರಿಗೆ ಎರಡಂಕಿಯ ನಂಬರು, ಐದು ಇಂಗ್ಲಿಷ್ ಅಕ್ಷರ, ಅಷ್ಟೇ ಜಾಗ. ಹೆಸರಿನ ಉಳಿದ ಅಕ್ಷರ ಪರದೆಯ ಆಚೆ ಬಿದ್ದಂತೆ! ಬಾಣದ ಗುಂಡಿ ಒತ್ತಿದಷ್ಟೂ ಊರುಗಳು ಒಂದೊಂದಾಗಿ ಸರಿಯುತ್ತವೆ. ಬೇಕಾದದ್ದು ಬಂದಾಗ ಇನ್ನೊಂದು ಗುಂಡಿ ಒತ್ತಿದರೆ ಕಿರ್ರೆಂದು ಚೀಟಿ ಬರುತ್ತದೆ. ಬಸ್ಸು ಸ್ಟೇಜ್, ಅಂದರೆ ದರ ಬದಲಾಗುವ ನಿಲ್ದಾಣ, ದಾಟಿದಾಗಲೆಲ್ಲ ಹತ್ತಿದ ಊರನ್ನೂ ಮುಂದಕ್ಕೆ ಸರಿಸಬೇಕು. ಮೊದಲ ದಿನ ಅದನ್ನು ಮರೆತರು. ಮಸ್ಕಿಯಲ್ಲಿ ಹತ್ತಿದ ಅಜ್ಜಿಗೆ ಸಿಂಧನೂರಿನಿಂದ ಟಿಕೆಟ್ ಬಂತು. “ನಾ ಸಿಂಧನೂರ ನೋಡೇ ಇಲ್ಲೋ ಯಪ್ಪಾ” ಎಂದಳು ಅಜ್ಜಿ.

ಆಮೇಲೆ ಅವರು ಯಂತ್ರಕ್ಕೆ ಟವೆಲ್ ಹೊದಿಸಿ, ಅದರೊಳಗೆ ತಲೆ ತೂರಿಸಿ ಟಿಕೆಟ್ ಕೊಡತೊಡಗಿದರು. ಹಳೇ ಫೋಟೋ ಸ್ಟುಡಿಯೋದವರ ಹಾಗೆ! ಜನ ನಕ್ಕರು, ನಾನೂ ನಕ್ಕೆ. ಬಿಸಿಲಿಗೆ ಪರದೆ ಕಾಣುವುದಿಲ್ಲ ಎಂದು ಅವರ ವಾದ. ನಾನು ಓದಿ ಹೇಳಲೇ ಎಂದು ಕೇಳಿದರೆ ಗಾಬರಿಯಾಗಿ ದನಿ ತಗ್ಗಿಸಿದರು.

“ಬ್ಯಾಡ್ರಿ ಅಕ್ಕೋರ. ಇದು ಎಲ್ಲಾ ಒಳಗ ಇಟ್ಕೊಂತೈತಂತ. ಸಂಜಿಕ ಡಿಪೋದಾಗ ಹೇಳ್ತೈತಂತ.”

ಯಂತ್ರ ಟಿಕೆಟಿನ ಲೆಕ್ಕವನ್ನಷ್ಟೇ ಇಟ್ಟುಕೊಳ್ಳುತ್ತದೆ, ಮಾತನ್ನಲ್ಲ ಎಂದೆ. ಅವರು ನಂಬಲಿಲ್ಲ. ಯಂತ್ರವನ್ನು ನನ್ನಿಂದ ಮರೆಮಾಡಿ ಎದೆಗೆ ಅವಚಿಕೊಂಡರು. ನನ್ನ ನಗು ಅಲ್ಲಿಗೇ ನಿಂತಿತು.

ತಿಂಗಳಾಗಿರಬೇಕು. ಲಿಂಗಸುಗೂರು ಕ್ರಾಸ್ ದಾಟಿ ಇನ್ನೇನು ಊರೊಳಗೆ ಹೋಗಬೇಕು, ತಪಾಸಣೆಯ ಜೀಪು ಅಡ್ಡ ನಿಂತಿತು. ಇನ್‌ಸ್ಪೆಕ್ಟರು ಹತ್ತಿ ಯಂತ್ರದ ಗುಂಡಿ ಒತ್ತಿ ಉದ್ದದೊಂದು ಚೀಟಿ ತೆಗೆದರು. ಈಗ ಬಸ್ಸಿನಲ್ಲಿ ಎಷ್ಟು ಜನ ಇರಬೇಕೆಂದು ಯಂತ್ರವೇ ಹೇಳುವ ಚೀಟಿ ಅದು. ಅದರ ಪ್ರಕಾರ ಬಸ್ಸಿನಲ್ಲಿ ಉಳಿದಿರಬೇಕಾದವರು ಗುರುಗುಂಟಾಕ್ಕೆ ಹೋಗುವ ಆರೇ ಜನ. ಬಸ್ಸಿನಲ್ಲಿ ನಿಂತವರೂ ಸೇರಿ ನಲವತ್ತು!

ನನ್ನ ಚೀಟಿ ನೋಡಿಕೊಂಡೆ. ‘11 LINGA’ ಎಂದಿತ್ತು. ಹನ್ನೊಂದು ಕ್ರಾಸ್, ಹನ್ನೆರಡು ಊರ ಬಸ್‌ನಿಲ್ದಾಣ. ಎರಡರ ಹೆಸರೂ ಐದಕ್ಷರಕ್ಕೆ ಕತ್ತರಿಸಿ LINGA ಆಗಿದ್ದವು. ಬೇರೆಯಿದ್ದದ್ದು ಸಾಸಿವೆಯಷ್ಟು ಒಂದಂಕಿ. ಅವರು ಅಂದು ಎಲ್ಲರಿಗೂ ಮೊದಲ LINGA ಒತ್ತಿಬಿಟ್ಟಿದ್ದರು. ನಾವು ಮೂವತ್ತನಾಲ್ಕು ಜನ ಕ್ರಾಸಿನಲ್ಲೇ ಇಳಿದುಹೋಗಿದ್ದೆವು, ಲೆಕ್ಕದಲ್ಲಿ.

ವಳಕಮದಿನ್ನಿಯ ರೈತರೊಬ್ಬರು ಎದ್ದು, ಊರಿಗಂತಲೇ ಕೇಳಿದ್ದೆವು, ಅವರದೇನೂ ಕಪಟವಿಲ್ಲ ಎಂದರು. ನಾನೂ ಹೇಳಿದೆ. ಇನ್‌ಸ್ಪೆಕ್ಟರು ಯಂತ್ರವನ್ನು ಕಂಡಕ್ಟರ ಮುಖದ ಮುಂದೆ ಹಿಡಿದು ಓದಲು ಹೇಳಿದರು.

“ಲಿಂಗಸುಗೂರ ಅಂತೈತ್ರಿ.”

“ನಂಬರ?”

“ಹನ್ನೆರಡ್ರಿ.”

ಇನ್‌ಸ್ಪೆಕ್ಟರು ಯಂತ್ರವನ್ನು ತಮ್ಮ ಕಡೆ ತಿರುಗಿಸಿ, ಆಫ್ ಮಾಡಿ, ಮತ್ತೆ ಹಿಡಿದರು. ಮುಂದಿನ ಸೀಟಿನಲ್ಲಿದ್ದ ನನಗೆ ಕಂಡಿತು. ಪರದೆಯಲ್ಲಿ ಏನೇನೂ ಇರಲಿಲ್ಲ.

“ಈಗ ಏನೈತಿ, ಓದ್ರಿ.”

ಕೂಗಿ ಹೇಳಿಬಿಡಲೇ ಅನ್ನಿಸಿತು, ಅಷ್ಟರಲ್ಲಿ ಅವರೇ ಬಾಯಿ ತೆರೆದರು.

“ಲಿಂಗಸುಗೂರ ರೀ,” ಎಂದರು ಅವರು. “ಹನ್ನೆರಡ.”

ಇನ್‌ಸ್ಪೆಕ್ಟರು ಯಂತ್ರವನ್ನು ಕೆಳಗಿಳಿಸಿ, ಎಷ್ಟು ದಿನದಿಂದ ಕಣ್ಣು ಕಾಣುತ್ತಿಲ್ಲ ಎಂದು ಮೆಲ್ಲಗೆ ಕೇಳಿದರು. ಎರಡು ವರ್ಷ ಆಯಿತಂತೆ. ಹೇಳಿದರೆ ಕೆಲಸದಿಂದ ಇಳಿಸುತ್ತಾರೆಂದು ಹೆಂಡತಿಗೂ ಹೇಳಿರಲಿಲ್ಲವಂತೆ. ಬಣ್ಣದ ಟಿಕೆಟ್ಟಿದ್ದಾಗ ಬೆರಳೇ ಕಣ್ಣಾಗಿತ್ತು. ಯಂತ್ರದ ಮೇಲೆ ಬೆರಳಾಡಿಸಿದರೆ ಗಾಜಷ್ಟೇ ಸಿಗುತ್ತಿತ್ತು.

ಇನ್‌ಸ್ಪೆಕ್ಟರು ವರದಿಯಲ್ಲಿ ವಂಚನೆ ಎಂದು ಬರೆಯಲಿಲ್ಲ, ಕಣ್ಣಿನ ತಪಾಸಣೆಗೆ ಕಳಿಸಬೇಕೆಂದು ಬರೆದರು. ಕಂಡಕ್ಟರ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಆಯಿತು. ಮೂರು ತಿಂಗಳು ಬೇರೆ ಯಾರೋ ಟಿಕೆಟ್ ಕೊಟ್ಟರು. ಅವರು ಯಂತ್ರಕ್ಕೆ ಗೌರವ ಕೊಡುತ್ತಿರಲಿಲ್ಲ. ನನಗೆ ಪ್ರಯಾಣವೇ ಬೇಸರವಾಯಿತು.

ಒಂದು ಬೆಳಿಗ್ಗೆ ದಪ್ಪ ಕನ್ನಡಕದೊಂದಿಗೆ ಅವರು ಬಾಗಿಲಲ್ಲಿ ನಿಂತಿದ್ದರು. ಯಂತ್ರದ ಕಡೆ ನೋಡದೆ ನನ್ನ ಮುಖವನ್ನೇ ನೋಡುತ್ತ ನಿಂತುಬಿಟ್ಟರು. ಹಿಂದಿನವರು ಟಿಕೆಟಿಗೆ ಕೈ ಚಾಚಿ ಕಾಯುತ್ತಿದ್ದರು.

“ಅಕ್ಕೋರ,” ಎಂದರು ಕೊನೆಗೆ, ಬಹಳ ಮೆತ್ತಗೆ, “ನಿಮಗ ಇಷ್ಟು ಬಿಳಿಕೂದಲು ಯಾವಾಗ ಬಂದ್ವು?”