ಅಪ್ಪನ ಸ್ವಾಗತ ಭಾಷಣ, ದೊಡ್ಡಪ್ಪನ ಬಾಗಲಾ

"ಈ ಮಾತ ನಮ್ಮ ಹೊಸ್ತಲಾ ದಾಟಿ ಹೊರಗ ಹೋಗಬಾರ್ದು" ಅಂತ ಅವ್ವ ನನಗ ಮೂರ ಸಲ ಹೇಳ್ಯಾಳ. ಹೇಳೂದೇನ ಬೇಕಿರ್ಲಿಲ್ಲ. ಮನಿಗೆ ಯಾರರ ಬಂದ್ರ ನಾ ಪುಸ್ತಕಾ ಹಿಡ್ಕೊಂಡ ಜ್ವಾಳದ ಚೀಲದ ಹಿಂದ ಹೋಗಿ ಕೂಡಾಕಿ. ಆದ್ರ ನಮ್ಮ ಮನ್ಯಾಗ ಹಿಂಥಾವು ಆಗೂದ ನಿಂದ್ರಂಗಿಲ್ಲ. ಮತ್ತ ಈ ಸಲದ್ದು ತಪ್ಪ ನಂದ ಐತಿ. ಅದಕ್ಕ ಹೇಳಾಕತ್ತೀನಿ.

ನಮ್ಮೂರು ಏಕಸಂಬಿ ಹತ್ರ. ಎರಡ ವರ್ಷದ ಹಿಂದ ಅಪ್ಪ ಮತ್ತ ದೊಡ್ಡಪ್ಪ ಬ್ಯಾರೆ ಆದ್ರು. ಪಡಸಾಲಿ ನಡಬರಕ ಒಂದ ಗ್ವಾಡಿ ಎದ್ದ ನಿಂತಿತು. ಜಗಳಾ ಯಾತಕ್ಕ ಆತು ಅಂತ ಕೇಳಿದ್ರ ಇಬ್ಬರಿಗೂ ಈಗ ಪೂರಾ ನೆನಪಿಲ್ಲ, ಮಾತ ಬಿಟ್ಟಿದ್ದ ಅಷ್ಟ ನೆನಪೈತಿ. ದೊಡ್ಡಪ್ಪಗ ಮಕ್ಕಳಿಲ್ಲ. ನಮ್ಮಕ್ಕ ಸಾಲಿಗೆ ಹೋಗೂಮಟಾ ಅವನ ಹೆಗಲ ಮ್ಯಾಲ ಬೆಳದಾಕಿ. ಕೊಗನೊಳ್ಳಿ ಹುಡುಗನ ಜೋಡಿ ಅಕಿ ಸಾಕರಪುಡಾ, ಅಂದ್ರ ನಿಶ್ಚಯಾ, ಗೊತ್ತಾದ ದಿನಾನ ಅಕಿ ಹೇಳಿದ್ಳು: "ಅಪ್ಪಾ, ದೊಡ್ಡಪ್ಪ ನಿನ್ನ ಬಾಜೂ ನಿಂದ್ರಬೇಕ ನೋಡು."

"ಕರೀತೇನಿ ಬಿಡವಾ" ಅಂದ ಅಪ್ಪ.

"ಕರ್ಯೂದಲ್ಲ ಅಪ್ಪಾ. ನಿಂದ್ರಸ್ಕೋಬೇಕು."

ಇವೆರಡರಾಗ ಏನ ಫರಕ ಐತಿ ಅಂತ ನಂಗ ಆವಾಗ ತಿಳೀಲಿಲ್ಲ.

೧. ಎಮ್ಮಿ ಮುಂದ

ಈಗ ಸಾಕರಪುಡಾನೂ ಎಲ್ಲಾರೂ ಲಗ್ನದ ಕಾರ್ಯಾಲಯದಾಗ ಮೈಕ್ ಹಚ್ಚಿ ಮಾಡ್ತಾರ. ಕುಂಕುಮಾ ಹಚ್ಚೂಕಿಂತ ಮೊದ್ಲ ಹುಡುಗಿ ಅಪ್ಪ ಎದ್ದ ನಿಂತ ಎರಡೂ ಕಡೆ ಮಂದಿಗೆ ಸ್ವಾಗತ ಹೇಳಬೇಕು. ನಮ್ಮಪ್ಪ ಡೇರಿಯಾಗ ಫ್ಯಾಟ್ ಯಾಕ ಕಡಿಮಿ ಬಂತು ಅಂತ ಕೇಳಾಕೂ ಅಂಜಾಂವ. ಅದಕ್ಕ ಭಾಷಣಾ ಬರ್ಯೂದ ನನ್ನ ಪಾಲಿಗೆ ಬಂತು.

ನಾ ಬರದೆ: "ಮಂಗಳಕರವಾದ ಈ ಸುಸಂದರ್ಭದಲ್ಲಿ ಆಗಮಿಸಿರುವ ಸಮಸ್ತ ಗಣ್ಯಮಾನ್ಯರೇ."

ಅಪ್ಪ ಎರಡ ಸಲ ಬಾಯಾಗ ಹೊಳ್ಳಾಡಿಸಿ ನೋಡಿದ. "ಇದು ನನ್ನ ಬಾಯಾಗ ಹಿಡ್ಯಾಂಗಿಲ್ಲವಾ. ಸಣ್ಣದ ಮಾಡು."

ಸಣ್ಣದ ಮಾಡಿದೆ, ಅತಿಥಿಗೋಳಿಗೆ ನಮ್ಮ ಮಾತಿನ್ಯಾಗ ಪಾವ್ಣ್ಯಾರು ಅಂತ ಹಾಕಿ: "ಬಂದಂಥಾ ಎಲ್ಲಾ ಪಾವ್ಣ್ಯಾರಿಗೂ ಕೈ ಮುಗದ ಸ್ವಾಗತಾ ಮಾಡ್ತೇನ್ರಿ."

ಮನುಷ್ಯಾರ ಮುಂದ ಹೇಳಾಕ ನಾಚಿಕಿ. ಹಿಂಗಾಗಿ ದಿನಾ ಸಂಜಿಕೆ ಹಾಲ ಹಿಂಡುವಾಗ ದೊಡ್ಡ ಎಮ್ಮಿ ಮುಂದ ಹೇಳಾಕತ್ತಿದ. ಹದಿನೈದ ದಿನಾ ಅಕಿ ಮೆಲಕ ಹಾಕ್ಕೋತ ಎಲ್ಲಾ ಕೇಳಿದ್ಳು. ಹದಿನಾರನೇ ದಿನಾ ಅಪ್ಪನ ಗಂಟಲಾ ಕಟ್ಟಿತ್ತು, ಸುಮ್ನ ಹಿಂಡಾಕ ಕುಂತ. ಎಮ್ಮಿ ತೊರೀ ಬಿಡವಲ್ದು, ಒಂದ ಹನಿ ಹಾಲ ಮಲಿಗೆ ಇಳೀವಲ್ದು. ಮಲಿ ತೊಳದ, ಮೈ ತಿಕ್ಕಿದ, ಹಿಂಡಿ ಇಟ್ಟ. ಉಹೂಂ. ಕಡೀಕೆ ಒಡದ ದನ್ಯಾಗ "ಬಂದಂಥಾ ಎಲ್ಲಾ ಪಾವ್ಣ್ಯಾರಿಗೂ" ಅಂದ ನೋಡ್ರಿ, ಬಕೆಟ್ಟ್ಯಾಗ ಸರ್ ಅಂತ ಹಾಲ ಬಿತ್ತು.

ಅವ್ವ ಅಂದ್ಳು, "ಒಬ್ಬರಿಗರ ಲಾಗೂ ಆತಲ್ಲ ನಿಮ್ಮ ಭಾಷಣಾ."

೨. ಹೆಸರಿನ ಪಟ್ಟಿ

ಈ ಸಂಬಂಧಾ ಕೂಡಿಸಿದ ಮಧ್ಯಸ್ಥಿ ಕಾಕಾ ಬಂದು ನನಗ ಪಾಠಾ ಹೇಳಿದ.

"ಮೊದ್ಲ ದೇವ್ರು. ಆಮ್ಯಾಲ ತೀರಿಕೊಂಡ ಹಿರ್ಯಾರನ್ನ ನೆನೀಬೇಕು. ಆಮ್ಯಾಲ ಹುಡುಗನ ಅಜ್ಜ, ಅಪ್ಪ, ಅವ್ವ. ಹುಡುಗನ ಸೋದರಮಾವನ್ನ ಮರತಿ ಅಂದ್ರ ಮುಗೀತು, ಅವ ಉಣ್ಣದ ಹೋಗ್ತಾನ. ಅತ್ತಿಗೋಳ ಹೆಸರ ಒಂದೂ ಬಿಡಬ್ಯಾಡ. ಅವರ ಊರ ಪಂಚರು ಮುಗದ ಮ್ಯಾಲ ನಮ್ಮ ಮಂದಿ. ಅವರ ಕಡೆ ತೊಟ್ಟಲದಾಗಿನ ಕೂಸಿನ ಹೆಸರ ಮೊದ್ಲ, ನಮ್ಮ ಕಡೆ ಹಣ್ಣ ಮುದುಕನ ಹೆಸರ ಆಮ್ಯಾಲ. ತಿಳೀತ?"

"ಹೌದ್ರಿ."

"ಕಡೀಕೆ, ಹೆಚ್ಚ ಕಡಿಮಿ ಆಗಿದ್ರ ಹೊಟ್ಟ್ಯಾಗ ಹಾಕ್ಕೋರಿ, ಊಟಾ ಮಾಡದ ಯಾರೂ ಹೋಗಬ್ಯಾಡ್ರಿ, ಅಂತ ಮುಗಸೂದು. ಒಂದ ಹೆಸರ ಬಿಟ್ರ ಮೊಮ್ಮಕ್ಕಳ ಲಗ್ನದ ಮಟಾ ಅದ ಹಾಡ ಕೇಳ್ತಿ."

"ನಿಮ್ಮ ಹೆಸರ ಎಲ್ಲಿ ಹಾಕಲ್ರಿ?"

"ನಂದ ಯಾಕವಾ? ನಾ ಸೇವಾ ಮಾಡಾಂವ. ನನ್ನ ಹೆಸರ ಬ್ಯಾಡ."

ಸಂಜಿಕೆ ಬಂದು ಪಟ್ಟಿ ನೋಡಿದ. ಮರದಿನಾ ಮುಂಜಾನೆ ಮತ್ತ ನೋಡಿದ. ಮೂರನೇ ಸಲ ಬಂದಾಗ ಚಾ ಕುಡದ ಕಪ್ಪ ಕೆಳಗಿಟ್ಟ ಅಂದ: "ಬ್ಯಾಡ ಅಂದಿದ್ದೆ ಖರೆ ತಂಗಿ. ನೀ ಅಷ್ಟ ಮಾತ ಕೇಳಾಕಿ ಅಂತ ನಂಗೇನ ಗೊತ್ತ?"

ಆ ಹೆದರಿಕಿಯೊಳಗ ನಾ ಯಾರನ್ನೂ ಬಿಟ್ಟಿಲ್ಲ ಅನ್ಕೊಂಡಿದ್ದೆ. ಕಾಕಾ ಪಟ್ಟಿ ನೋಡಿ ಹ್ವಾದ ಮ್ಯಾಲ ದೊಡ್ಡಪ್ಪನ ಹೆಸರ ಇಲ್ಲಾ ಅಂತ ನೆನಪಾತು. ನನ್ನ ಕಡೆ ಇದ್ದ ಛಲೋ ಮಾತ ಎಲ್ಲಾ ಹುಡುಕಿ ಬರದೆ: "ನಮ್ಮ ಆಮಂತ್ರಣಕ್ಕ ಮಾನಾ ಕೊಟ್ಟ ಬಂದಂಥಾ, ತಂದಿ ಸಮಾನರಾದ ನಮ್ಮ ಅಣ್ಣಾವರಿಗೆ ತುಂಬು ಹೃದಯದ ಸ್ವಾಗತ."

ಅಪ್ಪ ಓದಿದ. ಕಣ್ಣಾಗ ನೀರ ಬಂದ್ವು. "ಛಲೋ ಬರದೀವಾ" ಅಂದ. ಎಮ್ಮಿ ಮುಂದ ಈ ಸಾಲ ಮಾತ್ರ ಒಮ್ಮೆನೂ ಹೇಳಲಿಲ್ಲ. ಹೇಳಾಕ ಹ್ವಾದ್ರ ಅಳೂ ಬರ್ತಿತ್ತಂತ.

೩. ಸಂತಿ ಮರಾಠಿ

ಹುಡುಗನ ಅಜ್ಜಿಗೆ ಕನ್ನಡಾ ಬರೂದಿಲ್ಲ. ನಾಕ ಮಾತ ಮರಾಠಿ ಆಡಬೇಕು ಅಂತ ಠರಾವ ಆತು. ಅಪ್ಪಗ ಮರಾಠಿ ಬರ್ತೈತಿ, ಆದ್ರ ಅಂವ ಅದನ್ನ ಕಲ್ತದ್ದು ನಿಪ್ಪಾಣಿ ಕಡೆ ಎಮ್ಮಿ ವ್ಯಾಪಾರಕ್ಕ ಹೋಗಿ. ಜಗಳಾ ಮಾಡದ ಅವಗ ಮರಾಠಿ ಆಡಾಕ ಬರೂದಿಲ್ಲ.

ಸಾಕರಪುಡಾದ ದಿನಾ ಚಿಕ್ಕೋಡಿ ಕಾರ್ಯಾಲಯದಾಗ ಅಪ್ಪ ಮೈಕ್ ಹಿಡದ. ಕನ್ನಡದಾಗ ದೇವ್ರು, ಹಿರ್ಯಾರು, ಹುಡುಗನ ಅಜ್ಜ, ಎಲ್ಲಾ ಮೆತ್ತಗ ಬಂದ್ವು. ಮರಾಠಿ ಬಂತು ನೋಡ್ರಿ, ಹುಬ್ಬ ಮ್ಯಾಲ ಹೋದ್ವು, ದನಿ ಏರಿತು. "ಯಾ! ಬಸಾ! ತುಮಚಂ ಸ್ವಾಗತ ಆಹೆ!" ಅಂತ, ಬರ್ರಿ ಕೂಡ್ರಿ ಅನ್ನೂದನ್ನ, ಗದರಿಸಿದ. ಅಷ್ಟ ಅಲ್ಲ, ಬಲಗೈ ತಾನ ಹೋಗಿ ಹೆಗಲ ಮ್ಯಾಲಿನ ಟಾವೆಲ್ಲಿನ ಕೆಳಗ ಹೊಕ್ಕಿತು, ದನದ ಸಂತ್ಯಾಗ ಟಾವೆಲ್ಲಿನ ಮರೀಗೆ ಬೆರಳ ಹಿಡದ ಗುಟ್ಟಲೆ ರೇಟ್ ಹೇಳ್ತಾರಲ್ಲ, ಹಂಗ.

ಅಜ್ಜಿ ಬಾಜೂ ಕುಂತಾಕಿನ ಕೇಳಿದ್ಳು, ಹುಡುಗಿ ಅಪ್ಪ ಯಾಕ ಸಿಟ್ಟಿಗೆದ್ದಾನ ಅಂತ.

ಹುಡುಗನ ಅಜ್ಜನೂ ಹಳೇ ಜನಾವರ ವ್ಯಾಪಾರಿ. ಅಂವ ಸ್ಟೇಜಿಗೆ ಎದ್ದ ಬಂದು, ಟಾವೆಲ್ಲಿನ ಕೆಳಗ ತಾನೂ ಕೈ ಹಾಕಿ, ಅಪ್ಪನ ಬೆರಳ ಹಿಡದು, ಮೈಕಿನ್ಯಾಗ ಸ್ವಚ್ಛ ಕನ್ನಡದಾಗ ಅಂದ: "ವ್ಯವಹಾರ ಮುಗೀತ್ರಿ. ಹುಡುಗಿ ನಮ್ಮಾಕಿ."

ಇಡೀ ಕಾರ್ಯಾಲಯ ನಕ್ಕಿತು. ದೊಡ್ಡಪ್ಪನೂ ನಕ್ಕ. ನಾ ನೋಡಿದೆ.

೪. ಟೋಪಿ, ಟಾವೆಲ್ಲು, ಟೆಂಗಿನಕಾಯಿ

ಅಪ್ಪ ಅವ್ವನ ಕೈಲೆ ಕರೆ ಕಳಿಸಿದ್ದ; ಅವತ್ತ ದೊಡ್ಡಪ್ಪ ಎಲ್ಲಾರಕಿಂತ ಮೊದ್ಲ ಬಂದಿದ್ದ, ಬೆಳಕ ಹರಿಯೂದ್ರಾಗ. ಯಾರೂ ಹೇಳದ ಜಮಖಾನಿ ಹಾಸಿದ, ಶಿರಾಕ್ಕ ಸಕ್ರಿ ಸಾಕೇನ ನೋಡಿದ. ಅಪ್ಪ ಹೋಗಿ ಸಾಮಾನ ಖೋಲಿ ಕೀಲಿಕೈ ಮುಂದ ಹಿಡದ. ಎರಡ ವರ್ಷದ ಮ್ಯಾಲ ಅವರ ಮೊದಲ ಮಾತ ಇದು:

"ಅಣ್ಣಾ, ಕೀಲಿ."

"ಹೂಂ."

ಅಕ್ಕ ಬಾಗಲಾ ಸಂದ್ಯಾಗಿಂದ ನೋಡಿ ನನ್ನ ಕೈ ಒತ್ತಿ ಹಿಡದ್ಳು.

ಭಾಷಣಾ ನಮ್ಮ ಕಡೆ ಹೆಸರಿಗೆ ಬಂದಾಗ ದೊಡ್ಡಪ್ಪ ನೀರಿನ ಜಗ್ಗ ಹಿಡ್ಕೊಂಡ ಪಾವ್ಣ್ಯಾರ ಸಾಲಿನ ನಡುವ ಇದ್ದ. ಅಪ್ಪ ಚೀಟಿ ನೋಡಿ ನಾ ಬರದದ್ದನ್ನ ಅಕ್ಷರಾ ಬಿಡದ ಓದಿದ. ಆಮಂತ್ರಣಕ್ಕ ಮಾನಾ ಕೊಟ್ಟ ಬಂದಂಥಾ. ತುಂಬು ಹೃದಯದ ಸ್ವಾಗತ.

ಮಂದಿ ಚಪ್ಪಾಳಿ ಹೊಡದ್ರು. ಜಗ್ಗ ಹಿಡದ ದೊಡ್ಡಪ್ಪನ ಕೈ ಅಲ್ಲೇ ನಿಂತಿತು.

ಮಧ್ಯಸ್ಥಿ ಕಾಕಾ ಹಣಿ ಹಣಿ ಬಡ್ಕೊಂಡ. "ಏ ತಂಗಿ, ಮನ್ಯಾಗಿನವರಿಗೆ ಯಾರರ ಸ್ವಾಗತಾ ಹೇಳ್ತಾರ? ನಾನು, ನಮ್ಮಣ್ಣ ಕೂಡಿ ನಿಮಗ ಸ್ವಾಗತಾ ಮಾಡ್ತೇವಿ ಅನ್ನಬೇಕ ಬೇ! ಅಂವ ಸ್ವಾಗತಾ ಮಾಡಾವ, ಮಾಡಿಸ್ಕೊಳ್ಳಾಂವ ಅಲ್ಲ!"

ಅಷ್ಟರಾಗ ನಮ್ಮ ಮಾಮಾ, ಅವ್ವನ ತಮ್ಮ, ಉಮೇದಿಲೆ ಹೋಗಿ ದೊಡ್ಡಪ್ಪನ ಕೈಯಾಗಿನ ಜಗ್ಗ ಕಸ್ಕೊಂಡು, ಕುರ್ಚಿ ಮ್ಯಾಲ ಕೂಡಿಸಿ, ಎಲ್ಲಾ ಪಾವ್ಣ್ಯಾರಿಗೆ ಮಾಡಿದಂಗ ಟೋಪಿ ಇಟ್ಟು, ಟಾವೆಲ್ ಹೊದಿಸಿ, ಉಡ್ಯಾಗ ಟೆಂಗಿನಕಾಯಿ ಕೊಟ್ಟ. ದೊಡ್ಡಪ್ಪ ಬ್ಯಾಡ ಅನ್ನಲಿಲ್ಲ. ಕಾಯಿ ಹಿಡ್ಕೊಂಡ ನೆಟ್ಟಗ ಕುಂತ.

ಅಕ್ಕನ ಹಣಿಗೆ ಕುಂಕುಮಾ ಹಚ್ಚುವಾಗ ಅಪ್ಪನ ಬಾಜೂ ಜಾಗಾ ಖಾಲಿ ಇತ್ತು. ಅಕ್ಕ ಅತ್ತಳು. ಹುಡುಗನ ಅತ್ತಿಗೋಳು, ತವರಮನಿ ಬಿಡಬೇಕಲ್ಲ ಅಂತ ಅಳಾಕತ್ತಾಳ, ಅಂದ್ರು.

ಊಟಕ್ಕ ದೊಡ್ಡಪ್ಪ ಪಾವ್ಣ್ಯಾರ ಪಂಕ್ತಿಯೊಳಗ ಕುಂತ. ನಾ ಶಿರಾ ನೀಡಾಕ ಹ್ವಾದೆ. "ಸಾಕ್ರಿವಾ" ಅಂದ. ನನಗ, ರೀ ಅಂತ. ಉಂಡ ಕೈ ತೊಳಕೊಂಡ ಬಂದು ಅಪ್ಪನ ಮುಂದ ನಿಂತ ಕೈ ಮುಗದ.

"ವ್ಯವಸ್ಥಾ ಭಾಳ ಛಲೋ ಮಾಡೀರಿ. ಬರ್ತೇವ್ರಿ ಪಾವ್ಣ್ಯಾರ. ತಗೋರಿ, ನಿಮ್ಮ ಕೀಲಿ."

ಕೆಲಸಾ ಮಾಡಿ ದಣದಿದ್ದಾಂವ ದೊಡ್ಡಪ್ಪ ಒಬ್ಬನ. ಪಾವ್ಣ್ಯಾರ ಸಾಲಿನ್ಯಾಗ ಟೋಪಿ ಓರೆ ಆಗದ ಕುಂತಾವನೂ ಅವನೊಬ್ಬನ.

೫. ಬಾಗಲಾ

ಅಕ್ಕ ಹೇಳಿಬಿಟ್ಳು, ಲಗ್ನದಾಗರ ದೊಡ್ಡಪ್ಪ ನಿಂದ್ರಲಿಲ್ಲಂದ್ರ ನಾ ಮಂಟಪಕ್ಕ ಬರೂದಿಲ್ಲ ಅಂತ. ಅವ್ವ ದೊಡ್ಡಪ್ಪನ ಬಾಗಲಕ್ಕ ಹೋಗಿ ಬಂದ್ಳು. ನಾ ಹೋಗಿ, "ತಪ್ಪ ನಂದು ದೊಡ್ಡಪ್ಪಾ" ಅಂದೆ, ಅದೂ ಎಷ್ಟ ಸಣ್ಣ ದನಿಲೆ ಅಂದ್ರ ನನಗೂ ಕೇಳಿಸ್ಲಿಲ್ಲ. ಬಾಗಲಾ ತೆರೀಲಿಲ್ಲ.

ನಾಕನೇ ದಿನಾ ಸಂಜಿಕೆ ಅಪ್ಪ ಹಾಲಿನ ಬಕೆಟ್ ಹಿಡ್ಕೊಂಡಾವ ಅದನ್ನ ಅಲ್ಲೇ ಇಟ್ಟು ಗ್ವಾಡಿ ಸುತ್ತ ಹಾಕಿ ದೊಡ್ಡಪ್ಪನ ಬಾಗಲಕ್ಕ ಹ್ವಾದ. ನಾ ಬೆನ್ನ ಹತ್ತಿದೆ. ಹೊರಗ ಚಪ್ಪಲ್ ಇದ್ವು. ಒಳಗ ಟಿವಿ ಹಚ್ಚಿತ್ತು.

"ಅಣ್ಣಾ" ಅಂದ. ಮುಂದಿಂದ ಬಾಯಿಗೆ ಬರವಲ್ದು. ಹಿಂದ ತಿರುಗಿ ನನ್ನ ನೋಡಿದ. ನನ್ನ ಕಡೆ ಚೀಟಿ ಇರ್ಲಿಲ್ಲ. ಅಪ್ಪ ಕೈ ಮುಗದ, ಬಾಗಲಕ್ಕ ಮಾರಿ ಮಾಡಿ, ತನಗ ಬರೂ ಒಂದ ಭಾಷಣಾ ಸುರು ಮಾಡಿದ.

"ದೇವರಿಗೆ ಶರಣ್ರಿ. ತೀರಿಕೊಂಡ ನಮ್ಮಪ್ಪ ನಮ್ಮವ್ವಗ ಶರಣ್ರಿ. ಬಂದಂಥಾ ಎಲ್ಲಾ ಪಾವ್ಣ್ಯಾರಿಗೂ..." ನಿಂತ. "ಅಣ್ಣಾ, ಇಲ್ಲಿ ಬಂದಾಂವ ನಾ ಒಬ್ಬನ. ಪಾವ್ಣ್ಯಾ ನಾನ. ಸ್ವಾಗತಾ ಮಾಡಾವ ನೀ. ಅಪ್ಪ ಹ್ವಾದ ಮ್ಯಾಲ ನನ್ನ ಲಗ್ನದಾಗ ಮಂದೀನ ಬರ್ರಿ ಅಂದಾಂವ ನೀ. ನನಗ ಬರ್ರಿ ಅನ್ನಾಕ ಯಾವಾಗ ಬರ್ತಿತ್ತು?"

ಒಳಗ ಟಿವಿ ದನಿ ಸಣ್ಣದಾತು.

ಒಂದ ಮಾತ ಎಡವಲಿಲ್ಲ ಅಪ್ಪ. ಚೀಟಿ ಇಲ್ಲ, ಮೈಕ್ ಇಲ್ಲ. ಆ ಕಾರ್ಯಾಲಯದಾಗ ಹಿಂಗ ಆಡಿದ್ರ ಮಂದಿ ಎದ್ದ ನಿಂದ್ರತಿದ್ರು. ಆದ್ರ ಮುಗಸೂದ ಹೆಂಗ ಅಂತ ಅವಗ ಒಂದ ನಮೂನಿ ಅಷ್ಟ ಗೊತ್ತಿತ್ತು. ಮುಚ್ಚಿದ ಬಾಗಲದ ಮುಂದ ಕೈ ಎತ್ತಿ ಮುಗದು ಅಂದ: "ಹೆಚ್ಚ ಕಡಿಮಿ ಆಗಿದ್ರ ಹೊಟ್ಟ್ಯಾಗ ಹಾಕ್ಕೋರಿ. ಊಟಾ ಮಾಡದ ಯಾರೂ ಹೋಗಬ್ಯಾಡ್ರಿ."

ಆಗ ಬಂತು ಉತ್ತರಾ. ಗ್ವಾಡಿ ಈಚೆಗಿಂದ, ನಮ್ಮ ಕೊಟ್ಟಗ್ಯಾಗಿಂದ, ದೊಡ್ಡ ಎಮ್ಮಿ ಓಣಿಗೆಲ್ಲಾ ಕೇಳೂವಂಗ ಒದರಿತು. ಭಾಷಣಾ ಕೇಳಿ ತೊರೀ ಬಿಟ್ಟಿತ್ತು ಅದು, ಹಾಲು ತಾನ ಸೋರಿ ನೆಲಕ್ಕ ಬೀಳಾಕತ್ತಿತ್ತು.

"ತಡಿ ಬೇ" ಅಂದ ಅಪ್ಪ, ಹಿಂದ ನೋಡದ. "ನಿನಗಲ್ಲ."

ನನಗ ನಗೀ ತಡಕೊಳ್ಳಾಕ ಆಗ್ಲಿಲ್ಲ, ಬಾಯಿಗೆ ಓಢಣಿ ಒತ್ತಿ ಹಿಡದೆ. ಅಪ್ಪನೂ ನಕ್ಕ. ಒಳಗೂ ಯಾರೋ ಒಮ್ಮೆ ಮೂಗಿನ್ಯಾಗ ನಕ್ಕಂಗ ಆತು, ಇಲ್ಲಾ ಮೂಗ ಒರಿಸ್ಕೊಂಡಂಗ ಆತು. ಅಪ್ಪ ಕಿವಿಗೊಟ್ಟ ನಿಂತ. ಎಮ್ಮಿ ಮತ್ತೊಮ್ಮೆ ಒದರಿತು.

ಅಪ್ಪ ಬಾಗಲಾ ಬಡದ. ಬಾಗಲಾ ತೆರೀಲಿಲ್ಲ, ಒಳಗ ಟಿವಿ ದನಿ ಮತ್ತ ದೊಡ್ಡದಾತು.